ನಿಫ್ಟಿ ಒಂದೇ, ಫಂಡು ಮೂರು: ಇಂಡೆಕ್ಸ್ ಫಂಡ್ ಆರಿಸುವ ಮೊದಲು ಓದಬೇಕಾದ ಅಂಕಿಗಳು

ಉಡುಪಿ, ಮಂಗಳೂರು ಕಡೆ ದುಡ್ಡಿನ ಮಾತು ಬಂದರೆ ಮೊದಲ ಪ್ರಶ್ನೆ "ಬಡ್ಡಿ ಎಷ್ಟು ಉಂಟು?" ಎಂಬುದು. ಅದು ಸಹಜವೇ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಈ ಐದೂ ಬ್ಯಾಂಕುಗಳು 1906ರಿಂದ 1931ರೊಳಗೆ ಈ ಎರಡು ಊರುಗಳಲ್ಲೇ ಹುಟ್ಟಿದವು. ಪಿಗ್ಮಿ ಕಟ್ಟಿ, ಎಫ್‌ಡಿ ಇಟ್ಟು ಅಭ್ಯಾಸವಾದವರು ಮ್ಯೂಚುವಲ್ ಫಂಡಿಗೆ ಬಂದಾಗಲೂ ಅದೇ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳುತ್ತಾರೆ: "ಕಳೆದ ವರ್ಷ ಎಷ್ಟು ಕೊಟ್ಟಿದೆ?"

ಇಂಡೆಕ್ಸ್ ಫಂಡ್ ಆರಿಸುವಾಗ ಆ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಇಂಡೆಕ್ಸ್ ಫಂಡ್ ಎಂದರೆ ಒಂದು ಸೂಚ್ಯಂಕದಲ್ಲಿ ಇರುವ ಷೇರುಗಳನ್ನೇ ಕೊಳ್ಳುವ ಫಂಡು. ನಿಫ್ಟಿ 50 ಇಂಡೆಕ್ಸ್ ಫಂಡ್ ಯಾವ ಕಂಪನಿಯದ್ದಾದರೂ ಒಳಗೆ ಇರುವುದು ಅದೇ 50 ಷೇರುಗಳು, ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ. ಮಾರುಕಟ್ಟೆ ಏರಿದರೆ ಎಲ್ಲವೂ ಏರುತ್ತವೆ, ಇಳಿದರೆ ಎಲ್ಲವೂ ಇಳಿಯುತ್ತವೆ. ವ್ಯತ್ಯಾಸ ಇರುವುದು ಒಂದರಲ್ಲೇ: ಸೂಚ್ಯಂಕ ಗಳಿಸಿದ್ದರಲ್ಲಿ ನಿಮ್ಮ ಕೈಗೆ ಬರುವ ಮೊದಲು ಎಷ್ಟು ಸೋರಿಹೋಗುತ್ತದೆ? ಎಕ್ಸ್‌ಪೆನ್ಸ್ ರೇಶಿಯೋ, ಎಕ್ಸಿಟ್ ಲೋಡ್, ಟ್ರ್ಯಾಕಿಂಗ್ ಎರರ್ ಎಂಬ ಮೂರು ಅಂಕಿಗಳನ್ನು ನೋಡುವುದು ಅದಕ್ಕಾಗಿ. ಇವುಗಳಲ್ಲಿ ಒಂದನ್ನು ತುಂಬ ಜನ ತಪ್ಪಾಗಿ ಓದುತ್ತಾರೆ.

ಮಣಿಪಾಲದಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗಳು ಈಚೆಗೆ ಮೂರು ನಿಫ್ಟಿ 50 ಫಂಡುಗಳ ಫ್ಯಾಕ್ಟ್‌ಶೀಟ್ ಪ್ರಿಂಟ್ ಹಾಕಿಸಿಕೊಂಡು ಬಂದಳು. ಐದು ಲಕ್ಷ ಒಟ್ಟಿಗೆ ಹಾಕಿ, ಆಮೇಲೆ ತಿಂಗಳಿಗೆ ಐದು ಸಾವಿರದ ಎಸ್‌ಐಪಿ ಮಾಡುವ ಯೋಚನೆ ಅವಳದು. ಫಂಡುಗಳ ಹೆಸರು ಇಲ್ಲಿ ಬೇಡ. ಕ, ಖ, ಗ ಎಂದು ಕರೆಯೋಣ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ.

ಕ ಫಂಡಿನ ಎಕ್ಸ್‌ಪೆನ್ಸ್ ರೇಶಿಯೋ ಶೇ 0.18, ಟ್ರ್ಯಾಕಿಂಗ್ ಎರರ್ ಶೇ 0.03, ಎಕ್ಸಿಟ್ ಲೋಡ್ ಇಲ್ಲ. ಖ ಫಂಡಿನ ಖರ್ಚು ಇನ್ನೂ ಕಮ್ಮಿ, ಶೇ 0.10. ಆದರೆ ಟ್ರ್ಯಾಕಿಂಗ್ ಎರರ್ ಶೇ 0.14. ಅದಕ್ಕೂ ಎಕ್ಸಿಟ್ ಲೋಡ್ ಇಲ್ಲ. ಗ ಫಂಡಿನ ಖರ್ಚು ಶೇ 0.70, ಟ್ರ್ಯಾಕಿಂಗ್ ಎರರ್ ಶೇ 0.02, ಏಳು ದಿನದೊಳಗೆ ತೆಗೆದರೆ ಶೇ 0.25 ಎಕ್ಸಿಟ್ ಲೋಡ್.

"ಮಾವ, ಗ ಫಂಡಿನದ್ದು ಎರರ್ ಎಲ್ಲಕ್ಕಿಂತ ಕಮ್ಮಿ ಉಂಟಲ್ಲ. ಅದೇ ಒಳ್ಳೆಯದು ಅಲ್ವಾ?" ಎಂದಳು.

ಅಲ್ಲ. ಯಾಕೆ ಎಂದು ನೋಡಲು ಖರ್ಚಿನಿಂದಲೇ ಶುರು ಮಾಡೋಣ.

ಎಕ್ಸ್‌ಪೆನ್ಸ್ ರೇಶಿಯೋ ಎಂದರೆ ಫಂಡ್ ನಡೆಸುವವರು ವರ್ಷಕ್ಕೆ ನಿಮ್ಮ ಹಣದಲ್ಲಿ ತೆಗೆದುಕೊಳ್ಳುವ ಪಾಲು. ಇದಕ್ಕೆ ಬಿಲ್ ಬರುವುದಿಲ್ಲ, ಖಾತೆಯಲ್ಲಿ ಡೆಬಿಟ್ ಕಾಣುವುದಿಲ್ಲ. ಪ್ರತಿದಿನ ಫಂಡಿನ ಮೊತ್ತದಿಂದ ಒಂದು ಚೂರು ತೆಗೆದು, ಉಳಿದದ್ದರ ಮೇಲೆ ಒಂದು ಯೂನಿಟಿನ ಆ ದಿನದ ಬೆಲೆಯಾದ ಎನ್‌ಎವಿ ಹೇಳುತ್ತಾರೆ. ಐದು ಲಕ್ಷಕ್ಕೆ ಶೇ 0.20 ಎಂದರೆ ವರ್ಷಕ್ಕೆ 1,000 ರೂಪಾಯಿ, ದಿನಕ್ಕೆ 2 ರೂಪಾಯಿ 74 ಪೈಸೆ. ಲಾಭವಾದ ದಿನವೂ ಹೋಗುತ್ತದೆ, ನಷ್ಟವಾದ ದಿನವೂ ಹೋಗುತ್ತದೆ. ಎನ್‌ಎವಿಯಲ್ಲಿ ಇದು ಆಗಲೇ ಕಳೆದಿರುವುದರಿಂದ, ಫ್ಯಾಕ್ಟ್‌ಶೀಟಿನಲ್ಲಿ ಕಾಣುವ ರಿಟರ್ನಿನಿಂದ ಮತ್ತೊಮ್ಮೆ ಕಳೆಯಬಾರದು. ಇದನ್ನು ಎರಡು ಸಲ ಕಳೆದು ಗಾಬರಿಯಾಗುವವರೂ ಇದ್ದಾರೆ.

ಗ ಫಂಡಿನ ಖರ್ಚು ಯಾಕೆ ಅಷ್ಟು ಜಾಸ್ತಿ? ಹಾಳೆಯ ಮೇಲ್ಭಾಗ ನೋಡಿದರೆ ಸಾಕಿತ್ತು. ಅಲ್ಲಿ ರೆಗ್ಯುಲರ್ ಪ್ಲಾನ್ ಎಂದು ಇತ್ತು. ಕ ಮತ್ತು ಖ ಎರಡೂ ಡೈರೆಕ್ಟ್ ಪ್ಲಾನ್. 2013ರ ಜನವರಿಯಿಂದ ಪ್ರತಿ ಫಂಡಿಗೂ ಈ ಎರಡು ಬಾಗಿಲು ಇವೆ. ರೆಗ್ಯುಲರ್ ಪ್ಲಾನಿನಲ್ಲಿ ಮಾರಿಸಿಕೊಟ್ಟ ಏಜೆಂಟ್ ಅಥವಾ ಬ್ಯಾಂಕಿಗೆ ವರ್ಷ ವರ್ಷವೂ ಕಮಿಷನ್ ಹೋಗುತ್ತದೆ, ಅದೂ ನಿಮ್ಮ ಖರ್ಚಿನೊಳಗೇ. ಡೈರೆಕ್ಟ್ ಪ್ಲಾನಿನಲ್ಲಿ ಆ ಕಮಿಷನ್ ಇಲ್ಲ. ಒಳಗಿನ ಷೇರುಗಳು, ಫಂಡ್ ಮ್ಯಾನೇಜರ್ ಎಲ್ಲ ಒಂದೇ. ಅಕ್ಕನ ಮಗಳಿಗೆ ಗ ಫಂಡಿನ ಹಾಳೆ ಸಿಕ್ಕಿದ್ದು ಅವಳ ಬ್ಯಾಂಕಿನ ಶಾಖೆಯಲ್ಲಿ. ಅದೇ ಫಂಡಿನ ಡೈರೆಕ್ಟ್ ಪ್ಲಾನ್ ಹುಡುಕಿದಾಗ ಖರ್ಚು ಶೇ 0.20 ಎಂದು ತೋರಿಸಿತು.

ಅರ್ಧ ಶೇಕಡಾ ದೊಡ್ಡ ವಿಷಯವೇ? ಲೆಕ್ಕ ಹಾಕಿ ನೋಡೋಣ. ಖರ್ಚು ಕಳೆಯುವ ಮೊದಲು ವರ್ಷಕ್ಕೆ ಶೇ 11 ಬಂತು ಎಂದುಕೊಳ್ಳಿ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ, ಇಷ್ಟೇ ಬರುತ್ತದೆ ಎಂದು ಯಾರೂ ಹೇಳಲಾರರು. ಖರ್ಚು ಶೇ 0.20 ಆದರೆ ಐದು ಲಕ್ಷ 20 ವರ್ಷಕ್ಕೆ ಸುಮಾರು 38.9 ಲಕ್ಷವಾಗುತ್ತದೆ. ಖರ್ಚು ಶೇ 0.70 ಆದರೆ ಸುಮಾರು 35.5 ಲಕ್ಷ. ಹತ್ತಿರಹತ್ತಿರ 3.4 ಲಕ್ಷ ವ್ಯತ್ಯಾಸ, ಹಾಕಿದ ಅಸಲಿನ ಮೂರರಲ್ಲಿ ಎರಡು ಪಾಲಿನಷ್ಟು ಬಂತು. ಅದೇ ಶೇ 0.18 ಮತ್ತು 0.20ರ ನಡುವಿನ ವ್ಯತ್ಯಾಸ ಐದು ಲಕ್ಷಕ್ಕೆ ವರ್ಷಕ್ಕೆ 100 ರೂಪಾಯಿ. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಖರ್ಚಿನ ವಿಷಯದಲ್ಲಿ ನಿಜವಾದ ಗೆಲುವು ಇರುವುದು ರೆಗ್ಯುಲರ್ ಬಿಟ್ಟು ಡೈರೆಕ್ಟ್ ಹಿಡಿಯುವುದರಲ್ಲಿ. ಆಮೇಲಿನ ದಶಾಂಶಗಳ ಜಗಳ ಸಣ್ಣದು.

ಇನ್ನು ಎರಡು ಎಚ್ಚರಿಕೆ. ಈ ಅಂಕಿ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಹೊಸ ಫಂಡು ಜನರನ್ನು ಸೆಳೆಯಲು ತುಂಬ ಕಮ್ಮಿ ಖರ್ಚಿನಲ್ಲಿ ಶುರುವಾಗಿ, ಹಣ ಬಂದ ಮೇಲೆ ಏರಿಸುವುದುಂಟು. ಬದಲಾಯಿಸುವ ಮೊದಲು ಹೂಡಿಕೆದಾರರಿಗೆ ಇಮೇಲ್ ಅಥವಾ ಎಸ್‌ಎಂಎಸ್ ಕಳಿಸಬೇಕು ಎಂಬ ನಿಯಮವಿದೆ. ಆ ಇಮೇಲನ್ನು ಜಾಹೀರಾತು ಎಂದುಕೊಂಡು ಅಳಿಸಬೇಡಿ. ಫಂಡ್ ಕಂಪನಿಯ ವೆಬ್‌ಸೈಟಿನಲ್ಲಿ ದಿನದಿನದ ಖರ್ಚಿನ ಅಂಕಿ ಇರುತ್ತದೆ. ಅದರಲ್ಲಿ ಒಂದೆರಡು ವರ್ಷ ಹಿಂದಕ್ಕೆ ಹೋದರೆ ಕಂಪನಿಯ ನಡತೆ ತಿಳಿಯುತ್ತದೆ. ಎರಡನೆಯದು, ಒಂದು ಕಡೆ ಜಿಎಸ್‌ಟಿ ಸೇರಿದ ಅಂಕಿ, ಇನ್ನೊಂದು ಕಡೆ ಸೇರದ ಅಂಕಿ ಇರಬಹುದು. ಎರಡು ಫಂಡುಗಳನ್ನು ಹೋಲಿಸುವಾಗ ಎರಡರದ್ದನ್ನೂ ಒಂದೇ ಕಡೆಯಿಂದ, ಒಂದೇ ತಿಂಗಳಿನದ್ದು ತೆಗೆದುಕೊಳ್ಳಿ.

ಈಗ ಟ್ರ್ಯಾಕಿಂಗ್ ಎರರ್. ಹೆಚ್ಚಿನವರು ಎಡವುವುದು ಇಲ್ಲಿ. ಹೆಸರು ಕೇಳಿದರೆ "ಫಂಡು ಸೂಚ್ಯಂಕಕ್ಕಿಂತ ಎಷ್ಟು ಹಿಂದೆ ಬಿತ್ತು" ಎಂಬುದರ ಅಳತೆ ಎನಿಸುತ್ತದೆ. ಅದು ಅಳೆಯುವುದು ಬೇರೆಯದನ್ನು. ಪ್ರತಿದಿನ ಫಂಡಿನ ಏರಿಳಿತದಿಂದ ಸೂಚ್ಯಂಕದ ಏರಿಳಿತ ಕಳೆಯುತ್ತಾರೆ. ಹೀಗೆ ಸಿಗುವ ದಿನದಿನದ ವ್ಯತ್ಯಾಸಗಳು ತಮ್ಮೊಳಗೆ ಎಷ್ಟು ಅಲುಗಾಡುತ್ತವೆ ಎಂಬುದೇ ಟ್ರ್ಯಾಕಿಂಗ್ ಎರರ್.

ಉಡುಪಿಯಿಂದ ಮಂಗಳೂರಿಗೆ ಹೋಗುವ ಎರಡು ಬಸ್ಸುಗಳನ್ನು ನೆನೆಸಿಕೊಳ್ಳಿ. ಒಂದು ದಿನಾಲೂ ಸರಿಯಾಗಿ ಹತ್ತು ನಿಮಿಷ ತಡ. ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ. ಇನ್ನೊಂದು ಒಂದು ದಿನ ಮೂರು ನಿಮಿಷ ಬೇಗ, ಮರುದಿನ ಮೂರು ನಿಮಿಷ ತಡ. ಟ್ರ್ಯಾಕಿಂಗ್ ಎರರ್ ಲೆಕ್ಕದಲ್ಲಿ ಮೊದಲನೇ ಬಸ್ಸಿಗೆ ಸೊನ್ನೆ, ಅಂದರೆ ಪೂರ್ತಿ ಅಂಕ. ನೀವು ಮಾತ್ರ ದಿನಾ ಹತ್ತು ನಿಮಿಷ ಕಳೆದುಕೊಳ್ಳುತ್ತಿದ್ದೀರಿ.

ಫಂಡಿನ ಅಂಕಿಯಲ್ಲೇ ನೋಡೋಣ. ಒಂದು ಫಂಡು ದಿನಾ ಸರಿಯಾಗಿ ಶೇ 0.002 ಹಿಂದೆ ಬೀಳುತ್ತದೆ ಎಂದುಕೊಳ್ಳಿ. ವರ್ಷಕ್ಕೆ ಸುಮಾರು 250 ವಹಿವಾಟಿನ ದಿನಗಳು. ಅಲ್ಲಿಗೆ ವರ್ಷದ ಕೊನೆಗೆ ಅರ್ಧ ಶೇಕಡಾ ಹೋಯಿತು. ದಿನದಿನದ ವ್ಯತ್ಯಾಸ ಬದಲಾಗದ ಕಾರಣ ಟ್ರ್ಯಾಕಿಂಗ್ ಎರರ್ ಸೊನ್ನೆ. ಇನ್ನೊಂದು ಫಂಡು ಒಂದು ದಿನ ಶೇ 0.01 ಮುಂದೆ, ಮರುದಿನ ಶೇ 0.01 ಹಿಂದೆ. ವರ್ಷದ ಕೊನೆಗೆ ನಷ್ಟ ಏನೂ ಇಲ್ಲ. ಟ್ರ್ಯಾಕಿಂಗ್ ಎರರ್ ಮಾತ್ರ ಸುಮಾರು ಶೇ 0.16, ಯಾಕೆಂದರೆ ದಿನದ ಅಲುಗಾಟವನ್ನು 250ರ ವರ್ಗಮೂಲದಿಂದ, ಅಂದರೆ 15.8ರಿಂದ, ಗುಣಿಸಿ ವರ್ಷದ ಲೆಕ್ಕಕ್ಕೆ ತರುತ್ತಾರೆ. ಎಕ್ಸೆಲ್ ಬಲ್ಲವರು ಸ್ವತಃ ಮಾಡಬಹುದು. ಎನ್‌ಎವಿ ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ, ಸೂಚ್ಯಂಕದ ಅಂಕಿ niftyindices.com ನಲ್ಲಿ. ದಿನದ ವ್ಯತ್ಯಾಸಗಳು D ಕಾಲಂನಲ್ಲಿ ಇದ್ದರೆ:

```
=STDEV(D2:D251)*SQRT(250)
```

ಗ ಫಂಡಿನ ರೆಗ್ಯುಲರ್ ಪ್ಲಾನಿಗೆ ಅಷ್ಟು ಕಮ್ಮಿ ಟ್ರ್ಯಾಕಿಂಗ್ ಎರರ್ ಹೇಗೆ ಬಂತು ಎಂಬುದು ಈಗ ತಿಳಿಯಿತಲ್ಲ? ಕಮಿಷನ್ ದಿನಾ ಒಂದೇ ಪ್ರಮಾಣದಲ್ಲಿ ಹೋಗುತ್ತದೆ. ಒಂದೇ ಪ್ರಮಾಣದಲ್ಲಿ ಹೋಗುವುದು ಅಲುಗಾಟದಲ್ಲಿ ಕಾಣುವುದಿಲ್ಲ. ಅದೇ ಫಂಡಿನ ಡೈರೆಕ್ಟ್ ಪ್ಲಾನಿನ ಟ್ರ್ಯಾಕಿಂಗ್ ಎರರ್ ನೋಡಿದರೂ ಹೆಚ್ಚುಕಮ್ಮಿ ಅದೇ ಅಂಕಿ ಬರುತ್ತದೆ.

ಹಾಗಾದರೆ ಹಿಂದೆ ಬಿದ್ದದ್ದನ್ನು ಎಲ್ಲಿ ನೋಡಬೇಕು? ಅದಕ್ಕೆ ಟ್ರ್ಯಾಕಿಂಗ್ ಡಿಫರೆನ್ಸ್ ಎಂಬ ಬೇರೆ ಅಂಕಿ ಉಂಟು. ಫಂಡಿನ ರಿಟರ್ನಿನಿಂದ ಸೂಚ್ಯಂಕದ ರಿಟರ್ನ್ ಕಳೆದರೆ ಬರುವುದೇ ಅದು. 2022ರ ಮೇ ತಿಂಗಳಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಟ್ರ್ಯಾಕಿಂಗ್ ಎರರನ್ನು ದಿನಾ, ಟ್ರ್ಯಾಕಿಂಗ್ ಡಿಫರೆನ್ಸನ್ನು ತಿಂಗಳಿಗೊಮ್ಮೆ ಫಂಡ್ ಕಂಪನಿ ಮತ್ತು ಆಂಫಿ ವೆಬ್‌ಸೈಟಿನಲ್ಲಿ ಹಾಕಬೇಕು. ಒಂದು, ಮೂರು, ಐದು, ಹತ್ತು ವರ್ಷದ್ದು, ಶುರುವಾದಾಗಿನಿಂದ ಆದದ್ದು, ಎಲ್ಲ ಇರುತ್ತದೆ. ಷೇರು ಇಂಡೆಕ್ಸ್ ಫಂಡಿನ ಒಂದು ವರ್ಷದ ಟ್ರ್ಯಾಕಿಂಗ್ ಎರರ್ ಶೇ 2 ದಾಟಬಾರದು ಎಂದೂ ಅದೇ ಸುತ್ತೋಲೆ ಹೇಳುತ್ತದೆ. ನಿಫ್ಟಿ 50ರಂಥ ದೊಡ್ಡ ಷೇರುಗಳ ಫಂಡಿಗೆ ಶೇ 2 ತೀರಾ ಸಡಿಲ ಮಿತಿ. "ನಿಯಮದೊಳಗೇ ಇದೆ" ಎಂದು ಯಾರಾದರೂ ಹೇಳಿದರೆ ಅದನ್ನು ಹೊಗಳಿಕೆ ಎಂದು ತೆಗೆದುಕೊಳ್ಳಬೇಡಿ.

ನಾವಿಬ್ಬರೂ ಅಡುಗೆಮನೆ ಮೇಜಿನ ಮೇಲೆ ಮೂರು ಹಾಳೆ ಹರಡಿ, ಮೊಬೈಲಿನಲ್ಲಿ ಟ್ರ್ಯಾಕಿಂಗ್ ಡಿಫರೆನ್ಸ್ ತೆಗೆದು ಪೆನ್ನಿನಲ್ಲಿ ಬರೆದುಕೊಂಡೆವು. ಮೂರು ವರ್ಷದ ಲೆಕ್ಕದಲ್ಲಿ ಕ ಫಂಡು ವರ್ಷಕ್ಕೆ ಶೇ 0.21 ಹಿಂದೆ. ಖ ಶೇ 0.31 ಹಿಂದೆ. ಗ ರೆಗ್ಯುಲರ್ ಶೇ 0.74, ಗ ಡೈರೆಕ್ಟ್ ಶೇ 0.23.

ಖ ಫಂಡನ್ನು ಗಮನಿಸಿ. ಎಲ್ಲಕ್ಕಿಂತ ಅಗ್ಗ ಎಂದು ಹಾಳೆ ಹೇಳುತ್ತಿತ್ತು. ಖರ್ಚು ಶೇ 0.10 ಆದರೆ ಹಿಂದೆ ಬಿದ್ದದ್ದು ಶೇ 0.31. ಉಳಿದ ಶೇ 0.21 ಎಲ್ಲಿ ಹೋಯಿತು? ಕ ಫಂಡಿನಲ್ಲಿ ಅಂಥ ಅಂತರ ಶೇ 0.03 ಮಾತ್ರ.

ಸೂಚ್ಯಂಕ ಎಂಬುದು ಕಾಗದದ ಮೇಲಿನ ಲೆಕ್ಕ. ಅದಕ್ಕೆ ಬ್ರೋಕರೇಜ್ ಇಲ್ಲ, ತೆರಿಗೆ ಇಲ್ಲ, ಕೈಯಲ್ಲಿ ನಗದು ಇಟ್ಟುಕೊಳ್ಳುವ ಅಗತ್ಯವಿಲ್ಲ. ಫಂಡಿಗೆ ಇವೆಲ್ಲ ಉಂಟು. ಬೆಳಿಗ್ಗೆ ನೀವು ಹಾಕಿದ ಹಣ ಷೇರು ಆಗುವ ತನಕ ನಗದಾಗಿಯೇ ಇರುತ್ತದೆ. ಯಾರಾದರೂ ತೆಗೆಯಲು ಬಂದರೆ ಕೊಡಲಿಕ್ಕೂ ಸ್ವಲ್ಪ ನಗದು ಬೇಕು. ಆ ದಿನ ಮಾರುಕಟ್ಟೆ ಶೇ 2 ಏರಿದರೆ ಆ ನಗದು ಮಾತ್ರ ಏರುವುದಿಲ್ಲ. ಕಂಪನಿಗಳು ಡಿವಿಡೆಂಡ್ ಘೋಷಿಸಿದರೆ ಸೂಚ್ಯಂಕದ ಲೆಕ್ಕದಲ್ಲಿ ಅದು ಎಕ್ಸ್-ಡಿವಿಡೆಂಡ್ ದಿನವೇ ಸೇರುತ್ತದೆ, ಫಂಡಿನ ಬ್ಯಾಂಕ್ ಖಾತೆಗೆ ಬರುವುದು ಆಮೇಲೆ. ವರ್ಷಕ್ಕೆರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಗೆ, ನಿಫ್ಟಿಯಲ್ಲಿ ಕೆಲವು ಷೇರು ಹೊರಹೋಗಿ ಕೆಲವು ಒಳಬರುತ್ತವೆ. ಆಗ ಎಲ್ಲ ಇಂಡೆಕ್ಸ್ ಫಂಡುಗಳೂ ಒಂದೇ ಹೊತ್ತಿಗೆ ಅದೇ ಷೇರು ಮಾರಿ ಅದೇ ಷೇರು ಕೊಳ್ಳಬೇಕು. ಸಣ್ಣ ಫಂಡಿಗೆ ಇನ್ನೊಂದು ಕಷ್ಟ: ಮೊತ್ತ ಚಿಕ್ಕದಾದಾಗ ಒಬ್ಬ ದೊಡ್ಡ ಹೂಡಿಕೆದಾರ ಬಂದರೂ ಹೋದರೂ ಇಡೀ ಫಂಡು ಅಲುಗಾಡುತ್ತದೆ. ಖ ಫಂಡು ಹಾಗೆ ಇತ್ತು. ಮೂರರಲ್ಲಿ ಅದರ ಮೊತ್ತವೇ ಬಹಳ ಕಮ್ಮಿ.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ 2023ರ ಒಂದು ಉದಾಹರಣೆ ಇದೆ. ಜುಲೈ 20ರಂದು ರಿಲಯನ್ಸ್‌ನಿಂದ ಜಿಯೋ ಫೈನಾನ್ಷಿಯಲ್ ಬೇರೆಯಾಯಿತು. ಹೊಸ ಷೇರು ಇನ್ನೂ ವಹಿವಾಟಿಗೆ ಬಂದಿರಲಿಲ್ಲ, ಆದರೂ ಅದನ್ನು ತಾತ್ಕಾಲಿಕವಾಗಿ ನಿಫ್ಟಿಯೊಳಗೆ ಇಟ್ಟರು. ಅಷ್ಟು ದಿನ ನಿಫ್ಟಿ 50ರಲ್ಲಿ 51 ಹೆಸರು. ಆಗಸ್ಟ್ 21ಕ್ಕೆ ಷೇರು ಲಿಸ್ಟ್ ಆಯಿತು. ಮೊದಲ ದಿನಗಳಲ್ಲಿ ಬೆಲೆ ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಇಳಿಯಬಹುದಾದ ಕೆಳಮಿತಿ, ಮುಟ್ಟುತ್ತಾ ಹೋಯಿತು, ಅದರಿಂದ ಸೂಚ್ಯಂಕದಿಂದ ತೆಗೆಯುವ ದಿನವನ್ನೇ ಮುಂದಕ್ಕೆ ಹಾಕಬೇಕಾಯಿತು. ಲೋವರ್ ಸರ್ಕ್ಯೂಟಿನಲ್ಲಿ ಮಾರುವವರು ಇರುತ್ತಾರೆ, ಕೊಳ್ಳುವವರು ಸಿಗುವುದು ಕಷ್ಟ. ಇಂಥ ವಾರಗಳಲ್ಲಿ ಯಾವ ಫಂಡು ಎಷ್ಟು ಚೊಕ್ಕವಾಗಿ ಕೆಲಸ ಮಾಡುತ್ತದೆ ಎಂಬುದು ಟ್ರ್ಯಾಕಿಂಗ್ ಎರರಿನಲ್ಲಿ ಕಾಣುತ್ತದೆ. ಆ ಅಂಕಿಯ ನಿಜವಾದ ಉಪಯೋಗ ಇದು, ಫಂಡ್ ನಡೆಸುವವರ ಕೈಚಳಕ ತೋರಿಸುವುದು. ಹಿಂದೆ ಬಿದ್ದದ್ದಕ್ಕೆ ಕಾರಣ ಬರೀ ಕಮಿಷನ್ನೋ, ಕೆಲಸದ ದೋಷವೋ ಎಂದು ಬೇರ್ಪಡಿಸಲು ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಗ ರೆಗ್ಯುಲರಿನಲ್ಲಿ ಎರರ್ ಕಮ್ಮಿ, ಡಿಫರೆನ್ಸ್ ಜಾಸ್ತಿ: ಕೆಲಸ ಚೆನ್ನಾಗಿದೆ, ಬೆಲೆ ಜಾಸ್ತಿ. ಖ ಫಂಡಿನಲ್ಲಿ ಖರ್ಚು ಕಮ್ಮಿ, ಎರರ್ ಜಾಸ್ತಿ, ಡಿಫರೆನ್ಸೂ ಜಾಸ್ತಿ: ಬೆಲೆ ಕಮ್ಮಿ, ಕೆಲಸ ಸಡಿಲ.

ಹೋಲಿಸುವಾಗ ಒಂದು ಬಲೆ ಉಂಟು. ಟಿವಿಯಲ್ಲಿ ಓಡುವ ನಿಫ್ಟಿಯಲ್ಲಿ ಡಿವಿಡೆಂಡ್ ಸೇರಿಲ್ಲ. ಫಂಡಿಗೆ ಮಾತ್ರ ಡಿವಿಡೆಂಡ್ ಬರುತ್ತದೆ. ಈ ಡಿವಿಡೆಂಡೇ ವರ್ಷಕ್ಕೆ ಶೇ 1ರ ಆಸುಪಾಸು ಆಗುವುದರಿಂದ, ಟಿವಿ ನಿಫ್ಟಿ ಜೊತೆ ಹೋಲಿಸಿದರೆ ಸಾಧಾರಣ ಫಂಡೂ ಸೂಚ್ಯಂಕವನ್ನು ಸೋಲಿಸಿದ ಹಾಗೆ ಕಾಣುತ್ತದೆ. ಡಿವಿಡೆಂಡ್ ಸೇರಿಸಿದ ಟಿಆರ್‌ಐ ಅಂಕಿಯ ಜೊತೆಗೇ ಹೋಲಿಸಬೇಕು. 2018ರಿಂದ ಫಂಡ್ ಕಂಪನಿಗಳೂ ಹಾಗೇ ತೋರಿಸಬೇಕಾಗಿದೆ. ಮತ್ತೆ, ನಿಫ್ಟಿ 50 ಫಂಡಿನ ಅಂಕಿಯನ್ನು ಮಿಡ್‌ಕ್ಯಾಪ್ ಅಥವಾ ಸ್ಮಾಲ್‌ಕ್ಯಾಪ್ ಇಂಡೆಕ್ಸ್ ಫಂಡಿನ ಜೊತೆ ಇಟ್ಟು ನೋಡಬೇಡಿ. ಚಿಕ್ಕ ಕಂಪನಿಗಳ ಷೇರು ಕೊಳ್ಳುವುದು, ಮಾರುವುದು ಎರಡೂ ದುಬಾರಿ. ಅಲ್ಲಿ ಎಲ್ಲ ಅಂಕಿಗಳೂ ಸಹಜವಾಗಿ ದೊಡ್ಡದಿರುತ್ತವೆ.

ಎಕ್ಸಿಟ್ ಲೋಡ್ ಬಗ್ಗೆ ಜಾಸ್ತಿ ಹೇಳಲಿಕ್ಕೆ ಇಲ್ಲ. ಇಷ್ಟು ದಿನದೊಳಗೆ ಹಣ ತೆಗೆದರೆ ಇಷ್ಟು ಕಡಿತ, ಅಷ್ಟೇ. ಹಲವು ನಿಫ್ಟಿ ಫಂಡುಗಳಲ್ಲಿ ಅದು ಇಲ್ಲವೇ ಇಲ್ಲ, ಇದ್ದರೆ ಕೆಲವು ದಿನಗಳಿಗೆ ಮಾತ್ರ. ಕಡಿತವಾದ ಹಣ ಫಂಡ್ ಕಂಪನಿಯ ಜೇಬಿಗೆ ಹೋಗುವುದಿಲ್ಲ, ತೆರಿಗೆ ಕಳೆದು ಅದೇ ಫಂಡಿಗೆ ಸೇರುತ್ತದೆ. ಬಂದು ಹೋಗುವವರಿಂದ ಆಗುವ ಖರ್ಚು ಉಳಿದವರ ಮೇಲೆ ಬೀಳದಿರಲಿ ಎಂದು ಈ ವ್ಯವಸ್ಥೆ. ಹತ್ತು ವರ್ಷಕ್ಕೆ ಹಾಕುವವರು ಏಳು ದಿನದ ಲೋಡ್ ನೋಡಿ ಒಳ್ಳೆಯ ಫಂಡ್ ಬಿಡುವುದು ಸರಿಯಲ್ಲ.

ತಿಳಿದಿರಬೇಕಾದದ್ದು ಎಸ್‌ಐಪಿಯ ಲೆಕ್ಕ. ಪ್ರತಿ ಕಂತಿಗೂ ದಿನದ ಎಣಿಕೆ ಬೇರೆ. ತೆಗೆಯುವಾಗ ಹಳೆಯ ಯೂನಿಟುಗಳು ಮೊದಲು ಹೋಗುತ್ತವೆ. ತಿಂಗಳಿಗೆ ಐದು ಸಾವಿರದಂತೆ ಎರಡು ವರ್ಷ ಕಟ್ಟಿದ ಮೇಲೆ 40,000 ರೂಪಾಯಿ ಬೇಕಾಯಿತು ಎಂದುಕೊಳ್ಳಿ. ಲೋಡ್ ಅವಧಿ 30 ದಿನವಾದರೂ ಒಂದು ರೂಪಾಯಿ ಕಡಿತವಿಲ್ಲ. ಎಲ್ಲವನ್ನೂ ತೆಗೆದರೂ ಕೊನೆಯ ಕಂತಿಗೆ ಮಾತ್ರ ಶೇ 0.25, ಅಂದರೆ ಸುಮಾರು 12 ರೂಪಾಯಿ 50 ಪೈಸೆ.

"ಎಕ್ಸಿಟ್ ಲೋಡ್ ಇಲ್ಲ" ಎಂದರೆ ಹೊರಬರುವಾಗ ಏನೂ ಕೊಡಬೇಕಿಲ್ಲ ಎಂದು ಮಾತ್ರ ತಿಳಿಯಬೇಡಿ. ತೆರಿಗೆ ಬೇರೆಯೇ ಉಂಟು. 2024ರ ಜುಲೈ 23ರಿಂದ ಇರುವ ದರದಂತೆ, 12 ತಿಂಗಳೊಳಗೆ ಮಾರಿದರೆ ಲಾಭದ ಮೇಲೆ ಶೇ 20. ಅದಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ವರ್ಷದಲ್ಲಿ 1.25 ಲಕ್ಷ ದಾಟಿದ ಲಾಭದ ಮೇಲೆ ಶೇ 12.5.

ಅಕ್ಕನ ಮಗಳು ಕ ಮತ್ತು ಗ ಡೈರೆಕ್ಟ್ ಎರಡರ ನಡುವೆ ಸ್ವಲ್ಪ ಹೊತ್ತು ತೂಗಿ ನೋಡಿದಳು. ಎರಡರ ವ್ಯತ್ಯಾಸ ಶೇ 0.02. ಯಾವುದಾದರೂ ಆಗುತ್ತದೆ ಎಂದೆ. ಕ ಫಂಡನ್ನೇ ಆರಿಸಿದಳು. ಆಮೇಲೆ ಇನ್ನೊಂದು ವಿಷಯ ಹೊರಬಂತು. ಅವಳ ಅಪ್ಪನಿಗೆ, ಅಂದರೆ ನಮ್ಮ ಬಾವನಿಗೆ, ಗ ಫಂಡಿನ ರೆಗ್ಯುಲರ್ ಪ್ಲಾನಿನಲ್ಲಿ ಆಗಲೇ ಎಸ್‌ಐಪಿ ಓಡುತ್ತಿದೆ. "ಅದನ್ನೂ ಇವತ್ತೇ ಡೈರೆಕ್ಟ್‌ಗೆ ಸ್ವಿಚ್ ಮಾಡ್ಲಾ ಮಾವ?"

ಸ್ವಿಚ್ ಎಂದರೆ ಲೆಕ್ಕದಲ್ಲಿ ಮಾರಿ ಮತ್ತೆ ಕೊಂಡ ಹಾಗೆ. ಲೋಡ್ ಅವಧಿಯೊಳಗಿನ ಯೂನಿಟ್ ಇದ್ದರೆ ಕಡಿತವಾಗಬಹುದು, ಲಾಭದ ಮೇಲೆ ತೆರಿಗೆಯೂ ಬೀಳಬಹುದು. ಬಾವನ ಹೂಡಿಕೆ ಈಗ 3 ಲಕ್ಷ ಎಂದುಕೊಳ್ಳಿ, ಅದರಲ್ಲಿ 80,000 ಲಾಭ. ರೆಗ್ಯುಲರಿನಲ್ಲೇ ಉಳಿದರೆ ವರ್ಷಕ್ಕೆ ಶೇ 0.50 ಲೆಕ್ಕದಲ್ಲಿ 1,500 ರೂಪಾಯಿ ಸುಮ್ನೆ ಹೋಗುತ್ತದೆ, ಹೂಡಿಕೆ ಬೆಳೆದಂತೆ ಅದೂ ಬೆಳೆಯುತ್ತದೆ. ವರ್ಷ ತುಂಬಿದ ಯೂನಿಟುಗಳ ಲಾಭ, ಆ ಹಣಕಾಸು ವರ್ಷದಲ್ಲಿ ಬೇರೆ ಷೇರು, ಫಂಡುಗಳಲ್ಲಿ ಆದ ದೀರ್ಘಾವಧಿ ಲಾಭವನ್ನೂ ಸೇರಿಸಿ, 1.25 ಲಕ್ಷದೊಳಗೆ ಇದ್ದರೆ ತೆರಿಗೆ ಇಲ್ಲದೆ ಡೈರೆಕ್ಟ್‌ಗೆ ಬದಲಿಸಬಹುದು. ವರ್ಷ ತುಂಬದ ಈಚಿನ ಕಂತುಗಳನ್ನು ಮುಟ್ಟುವುದು ಬೇಡ, ಅವುಗಳ ಲಾಭಕ್ಕೆ ಶೇ 20 ತೆರಿಗೆ. ಹಳೆಯ ಯೂನಿಟುಗಳೇ ಮೊದಲು ಹೋಗುವುದರಿಂದ, ಎಷ್ಟು ಯೂನಿಟಿಗೆ ವರ್ಷ ತುಂಬಿದೆ ಎಂದು ಸ್ಟೇಟ್‌ಮೆಂಟಿನಲ್ಲಿ ಎಣಿಸಿ, ಅಷ್ಟನ್ನೇ ಬರೆದು ಸ್ವಿಚ್ ಕೊಟ್ಟರಾಯಿತು. ಓಡುತ್ತಿರುವ ಎಸ್‌ಐಪಿಯನ್ನು ಮಾತ್ರ ಈ ತಿಂಗಳೇ ನಿಲ್ಲಿಸಿ, ಮುಂದಿನ ಕಂತಿನಿಂದ ಡೈರೆಕ್ಟ್ ಪ್ಲಾನಿನಲ್ಲಿ ಶುರು ಮಾಡಲು ಹೇಳಿದೆ. ಉಳಿದ ಕಂತುಗಳಿಗೆ ಒಂದೊಂದಾಗಿ ವರ್ಷ ತುಂಬುತ್ತಿದ್ದ ಹಾಗೆ ಅವನ್ನೂ ಬದಲಿಸಿಕೊಳ್ಳಬಹುದು.